ತಿರುಚುವ ಬಲಕ್ಕೆ ಯಾವ ಸರಳು ಮೇಲು: ಸಮಾನ ವಿಸ್ತೀರ್ಣದ ಆಯತಾಕಾರದ ಸರಳು ಮತ್ತು ದುಂಡು ಶಾಫ್ಟ್

ನೀರೆತ್ತುವ ಪಂಪಿನ ಮೋಟಾರು, ಹಿಟ್ಟಿನ ಗಿರಣಿ, ಲಾರಿಯ ಹಿಂದಿನ ಗಾಲಿಗಳಿಗೆ ಶಕ್ತಿಯನ್ನು ಸಾಗಿಸುವ ಉದ್ದನೆಯ ದಂಡ ಇವುಗಳಲ್ಲಿ ಒಂದು ಸಮಾನ ಅಂಶವಿದೆ. ತಿರುಗುವ ಬಲವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ಯುವ ಶಾಫ್ಟ್ ಇವೆಲ್ಲದರಲ್ಲೂ ದುಂಡಾಗಿರುತ್ತದೆ. ಬೇರಿಂಗಿನಲ್ಲಿ ಸುಲಭವಾಗಿ ತಿರುಗಲು ದುಂಡು ಆಕಾರ ಬೇಕೆಂಬುದು ಇದಕ್ಕೆ ಒಂದು ಕಾರಣ. ಆದರೆ ಶಾಫ್ಟ್ ತಿರುಗದೆ ನಿಂತಲ್ಲೇ ತಿರುಚಿಕೊಳ್ಳುವ ಸಂದರ್ಭದಲ್ಲಿಯೂ ದುಂಡು ಆಕಾರವೇ ಮೇಲೆಂಬುದು ಅಷ್ಟು ಸುಲಭವಾಗಿ ಹೊಳೆಯುವ ಸಂಗತಿಯಲ್ಲ. ಒಂದೇ ತೂಕದ ಉಕ್ಕಿನಿಂದ ಒಂದು ದುಂಡು ಸರಳನ್ನೂ ಒಂದು ಆಯತಾಕಾರದ ಸರಳನ್ನೂ ಮಾಡಿ ಎರಡನ್ನೂ ಸಮನಾಗಿ ತಿರುಚಿದರೆ ಯಾವುದು ಕಡಿಮೆ ತಿರುಚಿಕೊಳ್ಳುತ್ತದೆ, ಯಾವುದು ಮೊದಲು ಸೋಲುತ್ತದೆ, ಸೋಲು ಎಲ್ಲಿಂದ ಆರಂಭವಾಗುತ್ತದೆ? ಈ ಪ್ರಶ್ನೆಗಳಿಗೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದೊರೆತ ಉತ್ತರ ತಪ್ಪಾಗಿತ್ತು. ಅದೇ ತಪ್ಪು ಇಂದಿಗೂ ವಿದ್ಯಾರ್ಥಿಗಳ ಲೆಕ್ಕಗಳಲ್ಲಿ ಮರುಕಳಿಸುವುದುಂಟು.

ದುಂಡು ಸರಳಿನ ಸರಳ ನಿಯಮ

ಮೊದಲು ದುಂಡು ಸರಳನ್ನು ಗಮನಿಸಬಹುದು. ಅದರ ಒಂದು ತುದಿಯನ್ನು ಬಿಗಿಯಾಗಿ ಹಿಡಿದು ಇನ್ನೊಂದು ತುದಿಯನ್ನು ತಿರುಚಿದಾಗ, ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಸರಳಿನ ತೆಳು ಬಿಲ್ಲೆಗಳು ಒಂದರ ಮೇಲೊಂದು ಸ್ವಲ್ಪ ಸ್ವಲ್ಪವೇ ತಿರುಗುತ್ತವೆ. ಪ್ರತಿಯೊಂದು ಬಿಲ್ಲೆಯೂ ಚಪ್ಪಟೆಯಾಗಿಯೇ ಉಳಿಯುತ್ತದೆ. ಹೀಗೆ ಒಂದು ಪದರವು ಪಕ್ಕದ ಪದರದ ಮೇಲೆ ಜಾರಲು ಯತ್ನಿಸಿದಾಗ ಲೋಹದೊಳಗೆ ಉಂಟಾಗುವ ಪ್ರತಿರೋಧವನ್ನು, ಒಂದು ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂಬ ಲೆಕ್ಕದಲ್ಲಿ, ಷಿಯರ್ ಪೀಡನ ಎನ್ನುತ್ತಾರೆ. ದುಂಡು ಸರಳಿನ ನಡು ಅಕ್ಷದಲ್ಲಿ ಈ ಪೀಡನ ಸೊನ್ನೆ. ಅಕ್ಷದಿಂದ ದೂರ ಸರಿದಂತೆ ಅದು ಸಮಪ್ರಮಾಣದಲ್ಲಿ ಏರುತ್ತಾ ಹೊರಮೈಯಲ್ಲಿ ಗರಿಷ್ಠ ಮಟ್ಟವನ್ನು ಮುಟ್ಟುತ್ತದೆ. ಹೊರಮೈಯ ಎಲ್ಲ ಬಿಂದುಗಳೂ ಅಕ್ಷದಿಂದ ಸಮಾನ ದೂರದಲ್ಲಿರುವುದರಿಂದ ಅವೆಲ್ಲವೂ ಸಮನಾಗಿ ದುಡಿಯುತ್ತವೆ.

ಫ್ರಾನ್ಸಿನ ವಿಜ್ಞಾನಿ ಕುಲಂಬ್ 1784ರಲ್ಲಿ ಲೋಹದ ತಂತಿಗಳನ್ನು ತಿರುಚಿ ನಡೆಸಿದ ಪ್ರಯೋಗಗಳಿಂದ, ತಿರುಚುವ ಬಲವು ತಿರುಚಿದ ಕೋನಕ್ಕೂ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೂ ಅನುಪಾತದಲ್ಲಿರುತ್ತದೆ ಎಂಬುದನ್ನು ಸ್ಥಾಪಿಸಿದನು. ಇಂದು ಬಳಕೆಯಲ್ಲಿರುವ ಸೂತ್ರಗಳು ಹೀಗಿವೆ:

τ = T r / J  ಮತ್ತು  θ = T L / (G J)

ಇಲ್ಲಿ T ಎಂಬುದು ತಿರುಚುವ ಬಲ ಅಥವಾ ಟಾರ್ಕ್, r ತ್ರಿಜ್ಯ, L ಸರಳಿನ ಉದ್ದ, G ಲೋಹದ ದೃಢತಾ ಗುಣಾಂಕ, τ ಹೊರಮೈಯ ಪೀಡನ, θ ರೇಡಿಯನ್‌ಗಳಲ್ಲಿ ತಿರುಚಿದ ಕೋನ. J ಎಂಬುದು ಅಡ್ಡಕೊಯ್ತದ ಆಕಾರ ಮತ್ತು ಗಾತ್ರಗಳಿಂದ ಬರುವ ಸಂಖ್ಯೆ. ದುಂಡು ಸರಳಿಗೆ ಅದು πd⁴/32. ಈ ಸಂಖ್ಯೆ ದೊಡ್ಡದಾದಷ್ಟೂ ಸರಳು ಕಡಿಮೆ ತಿರುಚಿಕೊಳ್ಳುತ್ತದೆ.

ತಪ್ಪು ಎಲ್ಲಿ ನುಸುಳಿತು

ದುಂಡು ಸರಳಿಗೆ J ಎಂದರೆ, ಅಡ್ಡಕೊಯ್ತದ ಪ್ರತಿಯೊಂದು ಕಣದ ವಿಸ್ತೀರ್ಣವನ್ನು ಅಕ್ಷದಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದಾಗ ಬರುವ ಮೊತ್ತ. ಇದನ್ನು ಧ್ರುವೀಯ ಮಹತ್ವ ಎನ್ನಬಹುದು. ಚೌಕ ಅಥವಾ ಆಯತಾಕಾರದ ಸರಳಿಗೂ ಇದೇ ಮೊತ್ತವನ್ನು ಲೆಕ್ಕ ಹಾಕಿ ಅದೇ ಸೂತ್ರದಲ್ಲಿ ಇಟ್ಟರಾಯಿತು ಎಂದು ಯಾರಿಗಾದರೂ ತೋರುವುದು ಸಹಜ. ಫ್ರಾನ್ಸಿನ ಪ್ರಖ್ಯಾತ ಇಂಜಿನಿಯರ್ ನೇವಿಯೇ ಕೂಡ ತಿರುಚಿದ ಸರಳಿನ ಅಡ್ಡಕೊಯ್ತಗಳು ಚಪ್ಪಟೆಯಾಗಿಯೇ ಉಳಿಯುತ್ತವೆಂದು ಭಾವಿಸಿ ಇದೇ ದಾರಿಯನ್ನು ಹಿಡಿದಿದ್ದನು.

ಈ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ನೋಡಬೇಕು. ಧ್ರುವೀಯ ಮಹತ್ವದಲ್ಲಿ ಅಕ್ಷದಿಂದ ದೂರವಿರುವ ಕಣಗಳಿಗೆ ಹೆಚ್ಚಿನ ಬೆಲೆ ದೊರೆಯುತ್ತದೆ. ಹೀಗಾಗಿ ಒಂದೇ ವಿಸ್ತೀರ್ಣದ ಆಕಾರಗಳಲ್ಲಿ ಅತ್ಯಂತ ಕಡಿಮೆ ಧ್ರುವೀಯ ಮಹತ್ವವಿರುವುದು ವೃತ್ತಕ್ಕೆ. ಚೌಕಕ್ಕೆ ಅದಕ್ಕಿಂತ ಹೆಚ್ಚು, ಉದ್ದನೆಯ ಆಯತಕ್ಕೆ ಇನ್ನೂ ಹೆಚ್ಚು. ಅಂದರೆ, ಸರಳನ್ನು ಪಟ್ಟಿಯಂತೆ ಚಪ್ಪಟೆ ಮಾಡಿದಷ್ಟೂ ಅದು ತಿರುಚುವಿಕೆಯನ್ನು ಹೆಚ್ಚು ಹೆಚ್ಚು ಪ್ರತಿಭಟಿಸಬೇಕೆಂದು ಈ ಲೆಕ್ಕ ಹೇಳುತ್ತದೆ. ಶಾಲೆಯ ಮಗುವಿನ ಕೈಯಲ್ಲಿರುವ ಪ್ಲಾಸ್ಟಿಕ್ ಅಳತೆಪಟ್ಟಿಯೇ ಇದನ್ನು ಸುಳ್ಳೆಂದು ತೋರಿಸಬಲ್ಲದು. ಅಳತೆಪಟ್ಟಿಯ ಎರಡೂ ತುದಿಗಳನ್ನು ಹಿಡಿದು ಸಲೀಸಾಗಿ ತಿರುಚಬಹುದು. ಅಷ್ಟೇ ಪ್ಲಾಸ್ಟಿಕ್ಕಿನಿಂದ ಮಾಡಿದ ಅಷ್ಟೇ ಉದ್ದದ ದುಂಡು ಕಡ್ಡಿಯನ್ನು ಹಾಗೆ ತಿರುಚಲು ಬೆರಳುಗಳು ಸೋಲುತ್ತವೆ.

ಮೂಲೆಗಳು ಏಕೆ ದುಡಿಯುವುದಿಲ್ಲ

ಈ ಒಗಟನ್ನು ಪೂರ್ಣವಾಗಿ ಬಿಡಿಸಿದವನು ಫ್ರಾನ್ಸಿನ ಸೇಂಟ್ ವೆನಾ. ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ಅವನು 1853ರಲ್ಲಿ ಒಪ್ಪಿಸಿದ ಪ್ರಬಂಧವು ಈ ವಿಷಯದಲ್ಲಿ ಇಂದಿಗೂ ಆಧಾರಶಿಲೆಯಾಗಿದೆ. ಮುಂದೆ 1864ರಲ್ಲಿ ನೇವಿಯೇಯ ಗ್ರಂಥದ ಹೊಸ ಆವೃತ್ತಿಯನ್ನು ವಿಸ್ತಾರವಾದ ಟಿಪ್ಪಣಿಗಳೊಡನೆ ಹೊರತಂದವನೂ ಇವನೇ. ಅವನ ವಾದದ ಮೂಲವನ್ನು ಗಣಿತದ ನೆರವಿಲ್ಲದೆಯೂ ತಿಳಿಯಬಹುದು.

ಸರಳಿನ ಹೊರಮೈಗೆ ತಾಗಿದಂತೆ ಒಳಗಿರುವ ಒಂದು ಪುಟ್ಟ ಘನವನ್ನು ಕಲ್ಪಿಸಿಕೊಳ್ಳಬೇಕು. ಅದರ ಒಂದು ಮುಖ ಅಡ್ಡಕೊಯ್ತದಲ್ಲಿದೆ, ಇನ್ನೊಂದು ಮುಖ ಸರಳಿನ ಹೊರಮೈಯೇ ಆಗಿದೆ. ಅಡ್ಡಕೊಯ್ತದ ಮುಖದ ಮೇಲೆ ಹೊರಮೈಯ ಕಡೆಗೆ ನೇರವಾಗಿ ತಳ್ಳುವ ಷಿಯರ್ ಪೀಡನವಿದ್ದರೆ ಆ ಘನವು ತಿರುಗಿಬಿಡಲು ಯತ್ನಿಸುತ್ತದೆ. ಅದು ತಿರುಗದೆ ನಿಲ್ಲಬೇಕಾದರೆ ಹೊರಮೈಯ ಮುಖದ ಮೇಲೆಯೂ ಸರಳಿನ ಉದ್ದಕ್ಕೆ ಅಷ್ಟೇ ಪೀಡನ ಇರಲೇಬೇಕು. ಆದರೆ ಹೊರಮೈಯನ್ನು ಮುಟ್ಟಿರುವುದು ಗಾಳಿ ಮಾತ್ರ, ಅದು ಅಂತಹ ಬಲವನ್ನು ಕೊಡಲಾರದು. ಆದ್ದರಿಂದ ಹೊರಮೈಯ ಬಳಿ ಪೀಡನವು ಹೊರ ಅಂಚಿಗೆ ಸಮಾನಾಂತರವಾಗಿ ಮಾತ್ರ ಹರಿಯಬಲ್ಲದು, ಅಂಚನ್ನು ದಾಟುವ ದಿಕ್ಕಿನಲ್ಲಿ ಅಲ್ಲ.

ಈಗ ಆಯತದ ಮೂಲೆಯನ್ನು ಗಮನಿಸಬೇಕು. ಅಲ್ಲಿ ಎರಡು ಹೊರಮೈಗಳು ಲಂಬಕೋನದಲ್ಲಿ ಕೂಡುತ್ತವೆ. ಮೊದಲನೆಯ ಹೊರಮೈಯ ಕಾರಣದಿಂದ ಒಂದು ದಿಕ್ಕಿನ ಪೀಡನ ಸೊನ್ನೆಯಾಗಬೇಕು, ಎರಡನೆಯದರ ಕಾರಣದಿಂದ ಇನ್ನೊಂದು ದಿಕ್ಕಿನ ಪೀಡನವೂ ಸೊನ್ನೆಯಾಗಬೇಕು. ಉಳಿಯುವುದೇನೂ ಇಲ್ಲ. ಅಕ್ಷದಿಂದ ಅತ್ಯಂತ ದೂರದಲ್ಲಿರುವ ಮೂಲೆಯೇ ಅತಿ ಹೆಚ್ಚು ದುಡಿಯುತ್ತದೆಂದು ಹಳೆಯ ಲೆಕ್ಕ ಹೇಳುತ್ತಿತ್ತು. ವಾಸ್ತವವಾಗಿ ಮೂಲೆಯ ಲೋಹ ಏನೂ ದುಡಿಯದೆ ಸುಮ್ಮನೆ ಭಾರವಾಗಿ ಕುಳಿತಿರುತ್ತದೆ.

ಇದರಿಂದ ಎರಡನೆಯ ಸಂಗತಿಯೂ ಹೊರಬೀಳುತ್ತದೆ. ಪೀಡನವಿಲ್ಲದ ಕಡೆ ಆಕಾರ ಕೆಡುವಂತಿಲ್ಲ. ಆದ್ದರಿಂದ ಮೂಲೆಯಲ್ಲಿ ಸರಳಿನ ಉದ್ದದ ಗೆರೆಗೂ ಅಡ್ಡಕೊಯ್ತದ ಗೆರೆಗೂ ನಡುವೆ ಮೊದಲಿದ್ದ ಲಂಬಕೋನ ಹಾಗೆಯೇ ಉಳಿಯಬೇಕು. ಆದರೆ ಸರಳು ತಿರುಚಿಕೊಂಡಾಗ ಉದ್ದದ ಗೆರೆ ಓರೆಯಾಗುತ್ತದೆ. ಲಂಬಕೋನ ಉಳಿಯಬೇಕಾದರೆ ಅಡ್ಡಕೊಯ್ತವೂ ಅಲ್ಲಿ ಅಷ್ಟೇ ಓರೆಯಾಗಲೇಬೇಕು. ಹೀಗೆ ಆಯತಾಕಾರದ ಅಡ್ಡಕೊಯ್ತವು ಚಪ್ಪಟೆಯಾಗಿ ಉಳಿಯದೆ, ಕೆಲವೆಡೆ ಮುಂದಕ್ಕೆ ಉಬ್ಬಿ ಕೆಲವೆಡೆ ಹಿಂದಕ್ಕೆ ತಗ್ಗಿ, ಒಣಗಿದ ಹಲಗೆಯಂತೆ ಸೊಟ್ಟಗಾಗುತ್ತದೆ. ದುಂಡು ಸರಳಿಗೆ ಮೂಲೆಯೂ ಇಲ್ಲ, ಸೊಟ್ಟಗಾಗುವ ಅಗತ್ಯವೂ ಇಲ್ಲ. ನೇವಿಯೇಯ ಊಹೆ ದುಂಡು ಸರಳಿಗೆ ಸರಿಹೊಂದಿ ಆಯತಕ್ಕೆ ಹೊಂದದೆ ಹೋದುದಕ್ಕೆ ಇದೇ ಕಾರಣ.

ಪೆನ್ಸಿಲ್ ಗುರುತನ್ನು ಅಳಿಸುವ ಉದ್ದನೆಯ ರಬ್ಬರಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಅದರ ಅಗಲವಾದ ಮುಖದ ಮೇಲೆ ಸಣ್ಣ ಸಣ್ಣ ಚೌಕಗಳ ಜಾಲವನ್ನು ಶಾಯಿಯಿಂದ ಬರೆದು ತಿರುಚಿದರೆ, ಮುಖದ ನಡುವಿನ ಚೌಕಗಳು ಓರೆಯಾಗಿ ಹರಳಿನ ಆಕಾರಕ್ಕೆ ತಿರುಗುತ್ತವೆ. ಅಂಚಿನ ಬಳಿಯ ಚೌಕಗಳು ಒಟ್ಟಾಗಿ ವಾಲಿದರೂ ಬಹುಮಟ್ಟಿಗೆ ಚೌಕಗಳಾಗಿಯೇ ಉಳಿಯುತ್ತವೆ. ಆಕಾರ ಹೆಚ್ಚು ಕೆಟ್ಟಿರುವುದೇ ಹೆಚ್ಚು ಪೀಡನದ ಗುರುತು. ಅಗಲ ಮುಖದ ನಡುಭಾಗವೇ ಎಲ್ಲಕ್ಕಿಂತ ಹೆಚ್ಚು ದುಡಿಯುತ್ತಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅಚ್ಚರಿಯೆಂದರೆ, ಹೊರ ಅಂಚಿನ ಎಲ್ಲ ಬಿಂದುಗಳ ಪೈಕಿ ಅಕ್ಷಕ್ಕೆ ಅತ್ಯಂತ ಸಮೀಪದಲ್ಲಿರುವುದೂ ಅದೇ ಬಿಂದು.

ಸಾಬೂನಿನ ಪೊರೆ ಹೇಳುವ ಕಥೆ

ಜರ್ಮನಿಯ ವಿಜ್ಞಾನಿ ಪ್ರಾಂಟ್ಲ್ 1903ರಲ್ಲಿ ಈ ವಿಷಯವನ್ನು ಕಣ್ಣಿಗೆ ಕಟ್ಟುವಂತೆ ತೋರುವ ಒಂದು ಹೋಲಿಕೆಯನ್ನು ಮುಂದಿಟ್ಟನು. ಒಂದು ತಗಡಿನಲ್ಲಿ ಸರಳಿನ ಅಡ್ಡಕೊಯ್ತದ ಆಕಾರದಲ್ಲಿಯೇ ರಂಧ್ರವನ್ನು ಕೊರೆದು, ಅದರ ಮೇಲೆ ಸಾಬೂನಿನ ಪೊರೆಯನ್ನು ಹರಡಿ, ಕೆಳಗಿನಿಂದ ಮೆಲ್ಲನೆ ಗಾಳಿಯನ್ನು ಒತ್ತಿದರೆ ಪೊರೆ ಗುಡ್ಡದಂತೆ ಉಬ್ಬುತ್ತದೆ. ಆ ಗುಡ್ಡದ ಯಾವುದೇ ಬಿಂದುವಿನಲ್ಲಿ ಇಳಿಜಾರು ಎಷ್ಟು ಕಡಿದಾಗಿದೆಯೋ ಸರಳಿನ ಅದೇ ಬಿಂದುವಿನಲ್ಲಿ ಪೀಡನ ಅಷ್ಟು ಹೆಚ್ಚು. ಗುಡ್ಡದ ಒಡಲಿನ ಘನ ಗಾತ್ರವು ಸರಳು ತಡೆದುಕೊಂಡಿರುವ ತಿರುಚುಬಲಕ್ಕೆ ಅನುಪಾತದಲ್ಲಿರುತ್ತದೆ. ಒತ್ತುವ ಗಾಳಿಯ ಬಲವು ತಿರುಚಿದ ಕೋನಕ್ಕೆ ಸಂವಾದಿಯಾಗಿರುತ್ತದೆ.

ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದು ತಾನಾಗಿ ತಿಳಿಯುತ್ತದೆ. ಮೂಲೆಯಲ್ಲಿ ಪೊರೆಯನ್ನು ಎರಡು ಕಡೆಯ ಅಂಚುಗಳೂ ಹಿಡಿದಿಟ್ಟಿರುವುದರಿಂದ ಅದು ಮೇಲೇಳಲಾರದೆ ಚಪ್ಪಟೆಯಾಗಿರುತ್ತದೆ, ಅಂದರೆ ಪೀಡನವಿಲ್ಲ. ಉದ್ದನೆಯ ಕಿರಿದಾದ ರಂಧ್ರದ ಮೇಲೆ ಪೊರೆಯನ್ನು ಎರಡು ಉದ್ದನೆಯ ಅಂಚುಗಳು ಹತ್ತಿರದಿಂದಲೇ ಹಿಡಿದಿರುವುದರಿಂದ ಗುಡ್ಡ ಎತ್ತರಕ್ಕೆ ಬೆಳೆಯದು. ಅದೇ ವಿಸ್ತೀರ್ಣದ ದುಂಡು ರಂಧ್ರದಲ್ಲಿ ಪೊರೆಯ ನಡುಭಾಗ ಎಲ್ಲ ಅಂಚುಗಳಿಂದಲೂ ದೂರವಿರುವುದರಿಂದ ಎತ್ತರಕ್ಕೆ ಏಳುತ್ತದೆ. ಹೀಗಾಗಿ ಒಂದೇ ಗಾಳಿಯೊತ್ತಡಕ್ಕೆ ದುಂಡು ಗುಡ್ಡದ ಗಾತ್ರ ಹೆಚ್ಚು, ಎಂದರೆ ಒಂದೇ ಕೋನದಷ್ಟು ತಿರುಚಲು ದುಂಡು ಸರಳಿಗೆ ಹೆಚ್ಚಿನ ಬಲ ಬೇಕು. ಕಿರಿದಾದ ರಂಧ್ರದಲ್ಲಿಯೂ ಅಷ್ಟೇ ಗಾತ್ರ ಬರಬೇಕಾದರೆ ಗಾಳಿಯನ್ನು ಇನ್ನಷ್ಟು ಒತ್ತಬೇಕು. ಆಗ ಉದ್ದನೆಯ ಅಂಚಿನ ನಡುವೆ ಇಳಿಜಾರು ಬಹಳ ಕಡಿದಾಗುತ್ತದೆ. ಗರಿಷ್ಠ ಪೀಡನದ ಸ್ಥಳ ಅದೇ.

ರಂಧ್ರವಿಲ್ಲದ ಗಟ್ಟಿ ಸರಳುಗಳಲ್ಲಿ, ಒಂದೇ ವಿಸ್ತೀರ್ಣಕ್ಕೆ ಅತ್ಯಂತ ಹೆಚ್ಚು ತಿರುಚು ದೃಢತೆಯುಳ್ಳದ್ದು ವೃತ್ತವೇ ಎಂದು ಸೇಂಟ್ ವೆನಾ ಊಹಿಸಿದ್ದನು. ಆ ಊಹೆಗೆ ಗಣಿತಜ್ಞ ಪೋಯಾ 1948ರಲ್ಲಿ ಪೂರ್ಣ ಸಾಧನೆಯನ್ನು ಒದಗಿಸಿದನು.

ಒಂದು ಲೆಕ್ಕ

ವ್ಯತ್ಯಾಸದ ಪ್ರಮಾಣವನ್ನು ಅರಿಯಲು ಒಂದು ಉದಾಹರಣೆಯನ್ನು ಪೂರ್ಣವಾಗಿ ಬಿಡಿಸಬಹುದು. 40 ಮಿ.ಮೀ. ವ್ಯಾಸದ, 1 ಮೀಟರ್ ಉದ್ದದ ಉಕ್ಕಿನ ದುಂಡು ಸರಳಿದೆ ಎಂದಿಟ್ಟುಕೊಳ್ಳಬೇಕು. ಅದರ ಅಡ್ಡಕೊಯ್ತದ ವಿಸ್ತೀರ್ಣ 1256.6 ಚದರ ಮಿ.ಮೀ. ಅದರ ಮೇಲೆ 500 ನ್ಯೂಟನ್-ಮೀಟರ್ ತಿರುಚುಬಲವನ್ನು ಹೇರಲಾಗಿದೆ. ಇದು ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 51 ಕಿಲೋಗ್ರಾಂ ಭಾರವನ್ನು ತೂಗುಬಿಟ್ಟಷ್ಟು ಬಲ. ಉಕ್ಕಿನ ದೃಢತಾ ಗುಣಾಂಕವನ್ನು ಚದರ ಮಿ.ಮೀ.ಗೆ 80,000 ನ್ಯೂಟನ್ ಎಂದು ಹಿಡಿಯಲಾಗಿದೆ.

ದುಂಡು ಸರಳಿಗೆ J = π × 40⁴ / 32 = 2,51,327. ಹೊರಮೈಯ ಪೀಡನ 5,00,000 × 20 / 2,51,327, ಅಂದರೆ ಚದರ ಮಿ.ಮೀ.ಗೆ 39.8 ನ್ಯೂಟನ್. ತಿರುಚಿದ ಕೋನ 0.0249 ರೇಡಿಯನ್ ಅಥವಾ 1.43 ಡಿಗ್ರಿ.

ಆಯತಾಕಾರದ ಸರಳಿಗೆ, ಉದ್ದ ಬದಿ b ಮತ್ತು ಕಿರುಬದಿ t ಆಗಿರುವಾಗ, ಸೇಂಟ್ ವೆನಾನ ಸಿದ್ಧಾಂತದಿಂದ ದೊರೆಯುವ ಸೂತ್ರಗಳು ಇವು:

J = β b t³  ಮತ್ತು  τ = T / (α b t²)

ಇಲ್ಲಿ α ಮತ್ತು β ಗಳು b ಹಾಗೂ t ಗಳ ಅನುಪಾತವನ್ನು ಅವಲಂಬಿಸಿದ ಸಂಖ್ಯೆಗಳು. ಚೌಕಕ್ಕೆ ಅವು ಕ್ರಮವಾಗಿ 0.208 ಮತ್ತು 0.141. ಉದ್ದ ಬದಿ ಕಿರುಬದಿಯ ಎರಡರಷ್ಟಿದ್ದರೆ 0.246 ಮತ್ತು 0.229, ನಾಲ್ಕರಷ್ಟಿದ್ದರೆ 0.282 ಮತ್ತು 0.281. ತೀರ ತೆಳುವಾದ ಪಟ್ಟಿಯಲ್ಲಿ ಎರಡೂ ಮೂರನೆಯ ಒಂದಕ್ಕೆ ಸಮೀಪಿಸುತ್ತವೆ.

ಅಷ್ಟೇ ವಿಸ್ತೀರ್ಣದ ಚೌಕದ ಬದಿ 35.4 ಮಿ.ಮೀ. ಎರಡಕ್ಕೊಂದರ ಆಯತ 50.1 × 25.1 ಮಿ.ಮೀ. ನಾಲ್ಕಕ್ಕೊಂದರ ಆಯತ 70.9 × 17.7 ಮಿ.ಮೀ. ಈ ನಾಲ್ಕೂ ಸರಳುಗಳ ತೂಕ ಒಂದೇ. ಫಲಿತಾಂಶಗಳು ಹೀಗಿವೆ:

| ಅಡ್ಡಕೊಯ್ತ | ಗರಿಷ್ಠ ಪೀಡನ (ನ್ಯೂಟನ್/ಚ.ಮಿ.ಮೀ.) | ತಿರುಚಿದ ಕೋನ (ಡಿಗ್ರಿ) |
|---|---|---|
| ದುಂಡು | 39.8 | 1.43 |
| ಚೌಕ | 54.0 | 1.61 |
| ಆಯತ, 2ಕ್ಕೆ 1 | 64.5 | 1.98 |
| ಆಯತ, 4ಕ್ಕೆ 1 | 79.6 | 3.23 |

ಚೌಕವು ದುಂಡು ಸರಳಿಗಿಂತ ತುಸುವೇ ಹೆಚ್ಚು ತಿರುಚಿಕೊಂಡರೂ ಅದರ ಗರಿಷ್ಠ ಪೀಡನ ಸುಮಾರು 36 ಪ್ರತಿಶತ ಹೆಚ್ಚು. ನಾಲ್ಕಕ್ಕೊಂದರ ಆಯತದಲ್ಲಿ ಪೀಡನ ಎರಡರಷ್ಟಾಗಿದೆ, ಕೋನ ಎರಡೂಕಾಲು ಪಟ್ಟಿಗೂ ಮೀರಿದೆ.

ಹಳೆಯ ತಪ್ಪು ಲೆಕ್ಕದಲ್ಲಿ ಇದೇ ನಾಲ್ಕಕ್ಕೊಂದರ ಆಯತದ ಗತಿ ಏನಾಗುತ್ತಿತ್ತು? ಅದರ ಧ್ರುವೀಯ ಮಹತ್ವ ಸುಮಾರು 5,59,000, ಅಂದರೆ ದುಂಡು ಸರಳಿನ ಎರಡು ಪಟ್ಟಿಗಿಂತಲೂ ಹೆಚ್ಚು. ಅದರಂತೆ ಗರಿಷ್ಠ ಪೀಡನ 33 ನ್ಯೂಟನ್ ಮಾತ್ರ, ಕೋನ 0.64 ಡಿಗ್ರಿ ಮಾತ್ರ. ವಿನ್ಯಾಸಕಾರನು ಪೀಡನವು 55 ನ್ಯೂಟನ್ನನ್ನು ಮೀರಬಾರದೆಂಬ ಮಿತಿಯನ್ನು ಹಾಕಿಕೊಂಡಿದ್ದರೆ, ಈ ಕಾಗದದ ಲೆಕ್ಕ ಸರಳು ಸುರಕ್ಷಿತವೆಂದು ಒಪ್ಪಿಗೆ ಕೊಡುತ್ತದೆ. ನಿಜವಾದ ಪೀಡನ ಸುಮಾರು 80 ನ್ಯೂಟನ್. ತಿರುಚಿದ ಕೋನವಂತೂ ಲೆಕ್ಕಕ್ಕಿಂತ ಐದು ಪಟ್ಟು. ಸಣ್ಣಪುಟ್ಟ ತಪ್ಪುಗಳನ್ನು ನುಂಗಲೆಂದು ವಿನ್ಯಾಸದಲ್ಲಿ ಇಟ್ಟಿರುವ ಸುರಕ್ಷತೆಯ ಅಂತರವನ್ನು ಈ ಒಂದೇ ತಪ್ಪು ಕಬಳಿಸಿಬಿಡುತ್ತದೆ. ಎಲ್ಲಕ್ಕಿಂತ ಅಪಾಯಕರವಾದುದೆಂದರೆ ತಪ್ಪಿನ ದಿಕ್ಕು. ಅದು ದುರ್ಬಲವಾದ ಆಕಾರವನ್ನೇ ಬಲಿಷ್ಠವೆಂದು ತೋರಿಸುತ್ತದೆ.

ಲೆಕ್ಕವನ್ನು ಇನ್ನೊಂದು ರೀತಿಯಲ್ಲಿಯೂ ಕೇಳಬಹುದು. ಪೀಡನವು ದುಂಡು ಸರಳಿನಷ್ಟೇ, ಅಂದರೆ 39.8 ನ್ಯೂಟನ್ನೇ ಆಗಬೇಕಾದರೆ ಚೌಕ ಸರಳು ಎಷ್ಟು ದಪ್ಪವಿರಬೇಕು? ಸೂತ್ರದಿಂದ ಬದಿ 39.2 ಮಿ.ಮೀ. ಎಂದು ಬರುತ್ತದೆ. ದುಂಡು ಸರಳಿನ ಒಂದು ಮೀಟರಿನ ತೂಕ ಸುಮಾರು 9.9 ಕಿಲೋಗ್ರಾಂ ಆದರೆ ಈ ಚೌಕ ಸರಳಿನದು 12.1 ಕಿಲೋಗ್ರಾಂ. ನಾಲ್ಕಕ್ಕೊಂದರ ಆಯತಕ್ಕಾದರೆ ದುಂಡು ಸರಳಿಗಿಂತ ಸುಮಾರು 59 ಪ್ರತಿಶತ ಹೆಚ್ಚು ಉಕ್ಕು ಬೇಕಾಗುತ್ತದೆ.

ಪರೀಕ್ಷಿಸಿ ತಿಳಿಯುವ ಬಗೆ

ಈ ಲೆಕ್ಕವನ್ನು ಸಾಮಾನ್ಯ ಕಾರ್ಯಾಗಾರದಲ್ಲಿಯೇ ಪರೀಕ್ಷಿಸಬಹುದು. ಸರಳಿನ ಒಂದು ತುದಿಯನ್ನು ಗಟ್ಟಿಯಾಗಿ ಬಿಗಿದು, ಇನ್ನೊಂದು ತುದಿ ಬಾಗದೆ ತಿರುಗಲು ಮಾತ್ರ ಅವಕಾಶವಿರುವಂತೆ ಅದಕ್ಕೆ ಆಸರೆ ಕೊಟ್ಟು, ಆ ತುದಿಗೆ ಅರ್ಧ ಮೀಟರ್ ಉದ್ದದ ಹಗುರವಾದ ಮುಳ್ಳನ್ನು ಅಡ್ಡಲಾಗಿ ಜೋಡಿಸಬೇಕು. ಮೇಲಿನ ಉದಾಹರಣೆಯಲ್ಲಿ ದುಂಡು ಸರಳಿನ ಮುಳ್ಳಿನ ತುದಿ ಸುಮಾರು 12 ಮಿ.ಮೀ. ಸರಿಯುತ್ತದೆ. ನಾಲ್ಕಕ್ಕೊಂದರ ಆಯತದ ಮುಳ್ಳು 28 ಮಿ.ಮೀ. ಸರಿಯುತ್ತದೆ. ತಪ್ಪು ಲೆಕ್ಕ ನಿಜವಾಗಿದ್ದರೆ ಅದು 6 ಮಿ.ಮೀ.ಗಿಂತಲೂ ಕಡಿಮೆ ಸರಿಯಬೇಕಾಗಿತ್ತು. ಈ ಅಂತರ ಸಾಮಾನ್ಯ ಅಳತೆಪಟ್ಟಿಗೂ ಸಿಗುವಂತಹುದು.

ಬಲವನ್ನು ಏರಿಸುತ್ತಾ ಹೋದರೆ ಸೋಲು ಆರಂಭವಾಗುವ ಜಾಗವೂ ಕಾಣುತ್ತದೆ. ಕಾರ್ಖಾನೆಯಿಂದ ಬಿಸಿಯಾಗಿ ಎಳೆದು ಬಂದ ಉಕ್ಕಿನ ಪಟ್ಟಿಯ ಮೈಮೇಲೆ ಕಪ್ಪು ಹೊಟ್ಟಿನ ತೆಳು ಪದರವಿರುತ್ತದೆ. ಉಕ್ಕು ತನ್ನ ಮಿತಿಯನ್ನು ದಾಟಿದ ಕಡೆ ಈ ಪದರ ಸಿಡಿದು ಉದುರುತ್ತದೆ. ಆಯತಾಕಾರದ ಸರಳಿನಲ್ಲಿ ಅದು ಮೊದಲು ಉದುರುವುದು ಅಗಲ ಮುಖದ ನಡುಗೆರೆಯ ಉದ್ದಕ್ಕೆ. ಮೂಲೆಗಳಲ್ಲಿ ಪದರ ಹಾಗೆಯೇ ಉಳಿದಿರುತ್ತದೆ.

ಕಟ್ಟಡಗಳಲ್ಲಿ ಇದೇ ಸಂಗತಿ ಕಾಂಕ್ರೀಟಿನ ತೊಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಿಟಕಿಯ ಮೇಲೆ ಹೊರಚಾಚಿದ ಸಜ್ಜಾ ಅಥವಾ ಬಾಲ್ಕನಿಯನ್ನು ಹೊತ್ತ ತೊಲೆ ಭಾರದಿಂದ ಬಾಗುವುದಲ್ಲದೆ ಹೊರಗಿನ ಕಡೆಗೆ ತಿರುಚಿಕೊಳ್ಳಲೂ ಯತ್ನಿಸುತ್ತದೆ. ತೊಲೆಯ ಅಡ್ಡಕೊಯ್ತ ಆಯತ. ಅದರ ಅಗಲ ಮುಖಗಳೆಂದರೆ ಎರಡು ಪಕ್ಕಗಳು. ತಿರುಚುವಿಕೆಯಿಂದ ಹುಟ್ಟುವ ಬಿರುಕು ಮೊದಲು ಪಕ್ಕದ ಮುಖದ ನಡು ಎತ್ತರದಲ್ಲಿ, ಸುಮಾರು 45 ಡಿಗ್ರಿ ಓರೆಯಾಗಿ ಕಾಣಿಸಿಕೊಂಡು, ಕ್ರಮೇಣ ಹಗ್ಗದ ಹುರಿಯಂತೆ ತೊಲೆಯ ಸುತ್ತ ಹರಡುತ್ತದೆ. ಬರೀ ಬಾಗುವಿಕೆಯ ಬಿರುಕಾದರೆ ತೊಲೆಯ ನಡುಭಾಗದಲ್ಲಿ ತಳದಿಂದ ನೇರವಾಗಿ ಮೇಲೇರುತ್ತದೆ. ಒಂದು ಪಕ್ಕದಲ್ಲಿ ನಿಂತು ನೋಡಿದಾಗ ಬಿರುಕು ಬಲಕ್ಕೆ ವಾಲಿ, ಇನ್ನೊಂದು ಪಕ್ಕಕ್ಕೆ ಹೋಗಿ ನೋಡಿದಾಗಲೂ ನೋಡುವವನ ಬಲಕ್ಕೇ ವಾಲಿದ್ದರೆ ಅದು ಸುತ್ತುವ ಬಿರುಕು, ತಿರುಚುವಿಕೆಯ ಗುರುತು. ಭಾರದಿಂದ ಆಸರೆಯ ಬಳಿ ಹುಟ್ಟುವ ಸಾಮಾನ್ಯ ಓರೆ ಬಿರುಕು ಒಂದು ಪಕ್ಕದಿಂದ ಬಲಕ್ಕೂ ಇನ್ನೊಂದು ಪಕ್ಕದಿಂದ ಎಡಕ್ಕೂ ವಾಲಿದಂತೆ ಕಾಣುತ್ತದೆ. ತಿರುಚುವಿಕೆಯಿರುವ ತೊಲೆಯಲ್ಲಿ ಸರಳಿನ ರಿಂಗುಗಳನ್ನು ನಾಲ್ಕೂ ಕಡೆ ಸುತ್ತಿ ಪೂರ್ಣವಾಗಿ ಮುಚ್ಚಿ, ತುದಿಗಳನ್ನು ಒಳಕ್ಕೆ ಬಾಗಿಸಿ ಕಟ್ಟಬೇಕೆಂಬ ನಿಯಮದ ಹಿನ್ನೆಲೆ ಇದೇ. ಪೀಡನ ಹೊರಮೈಯ ಸುತ್ತ ಹರಿಯುವುದರಿಂದ ಅದನ್ನು ತಡೆಯುವ ಕಬ್ಬಿಣವೂ ಸುತ್ತಲೂ ಅಖಂಡವಾಗಿರಬೇಕು.

ಈ ಲೆಕ್ಕದ ಮಿತಿಗಳು

ಮೇಲಿನ ಸೂತ್ರಗಳು ಕೆಲವು ಷರತ್ತುಗಳಿಗೆ ಒಳಪಟ್ಟಿವೆ. ಮೊದಲನೆಯದಾಗಿ, ಅಡ್ಡಕೊಯ್ತಕ್ಕೆ ಸೊಟ್ಟಗಾಗಲು ಸ್ವಾತಂತ್ರ್ಯವಿರಬೇಕು. ಸರಳಿನ ತುದಿಯನ್ನು ದಪ್ಪ ತಟ್ಟೆಗೆ ಬೆಸುಗೆ ಹಾಕಿದಾಗ ಆ ತುದಿ ಸೊಟ್ಟಗಾಗಲಾರದು. ಅಲ್ಲಿ ಸರಳು ತುಸು ಹೆಚ್ಚು ಗಡುಸಾಗಿ ವರ್ತಿಸುತ್ತದೆ ಮತ್ತು ಉದ್ದದ ದಿಕ್ಕಿನಲ್ಲಿಯೂ ಪೀಡನಗಳು ಹುಟ್ಟುತ್ತವೆ. ಗಟ್ಟಿ ಆಯತಾಕಾರದ ಸರಳಿನಲ್ಲಿ ಈ ಪ್ರಭಾವ ತುದಿಯಿಂದ ಸರಳಿನ ಅಗಲದಷ್ಟು ದೂರ ಸಾಗುವಷ್ಟರಲ್ಲಿ ಬಹುಮಟ್ಟಿಗೆ ಅಡಗುತ್ತದೆ. ಆದ್ದರಿಂದ ಉದ್ದನೆಯ ಸರಳುಗಳಲ್ಲಿ ಇದನ್ನು ಕಡೆಗಣಿಸಬಹುದು, ಗಿಡ್ಡ ಸರಳುಗಳಲ್ಲಿ ಕಡೆಗಣಿಸುವಂತಿಲ್ಲ.

ಎರಡನೆಯದಾಗಿ, ಹೊರಚಾಚಿದ ಮೂಲೆಯಲ್ಲಿ ಪೀಡನವಿಲ್ಲವೆಂಬ ಮಾತು ಒಳಕ್ಕೆ ಕೊರೆದ ಮೂಲೆಗೆ ಅನ್ವಯಿಸುವುದಿಲ್ಲ. ದುಂಡು ಶಾಫ್ಟಿನಲ್ಲಿ ಗಾಲಿಯನ್ನು ಕೂರಿಸಲು ಕೊರೆಯುವ ಕೀ ಗಾಡಿಯ ಒಳಮೂಲೆಯಲ್ಲಿ ಸಾಬೂನಿನ ಪೊರೆ ಅತಿ ಕಡಿದಾಗಿ ಇಳಿಯುತ್ತದೆ. ಅಲ್ಲಿ ಪೀಡನ ಹಲವು ಪಟ್ಟು ಏರಬಲ್ಲದು. ಆ ಒಳಮೂಲೆಯನ್ನು ಚೂಪಾಗಿ ಬಿಡದೆ ಸ್ವಲ್ಪ ದುಂಡಗೆ ಮಾಡುವ ಪದ್ಧತಿ ಬಂದಿರುವುದು ಇದರಿಂದಲೇ. ಶಾಫ್ಟ್ ದುಂಡಾಗಿದೆಯೆಂದ ಮಾತ್ರಕ್ಕೆ ಅದರ ಎಲ್ಲ ಲಾಭವೂ ತಾನಾಗಿ ದೊರೆಯುವುದಿಲ್ಲ.

ಮೂರನೆಯದಾಗಿ, ಇವು ಬಲವನ್ನು ತೆಗೆದಾಗ ಸರಳು ಮೊದಲ ಸ್ಥಿತಿಗೆ ಮರಳುವ ಮಿತಿಯೊಳಗಿನ ಲೆಕ್ಕಗಳು. ಮೆದು ಉಕ್ಕಿನ ಸರಳನ್ನು ಆ ಮಿತಿಯಾಚೆ ತಿರುಚುತ್ತಾ ಹೋದರೆ ಮೊದಲು ಸೋತ ಭಾಗ ತನ್ನ ಪಾಲಿನ ಬಲವನ್ನು ಹಿಡಿದುಕೊಂಡೇ ಹೆಚ್ಚಿನ ಹೊರೆಯನ್ನು ಪಕ್ಕದ ಭಾಗಕ್ಕೆ ಬಿಟ್ಟುಕೊಡುತ್ತದೆ. ಕೊನೆಗೆ ಇಡೀ ಅಡ್ಡಕೊಯ್ತವೂ ದುಡಿಯತೊಡಗುತ್ತದೆ. ಆ ಅಂತಿಮ ಸ್ಥಿತಿಯಲ್ಲಿ ಚೌಕ ಸರಳು ದುಂಡು ಸರಳಿನ ಬಲದ ಸುಮಾರು 89 ಪ್ರತಿಶತವನ್ನು ತಡೆಯಬಲ್ಲದು. ಆದರೆ ಯಂತ್ರದ ಶಾಫ್ಟುಗಳು ಲಕ್ಷಾಂತರ ಬಾರಿ ಬಲದ ಏರಿಳಿತವನ್ನು ಸಹಿಸಬೇಕಾಗಿರುವುದರಿಂದ ಅವುಗಳ ವಿನ್ಯಾಸದಲ್ಲಿ ಈ ಮೀಸಲು ಬಲವನ್ನು ನೆಚ್ಚುವುದಿಲ್ಲ.

ಆಯತಾಕಾರದ ಸರಳಿನ ಜಾಗ

ಹಾಗೆಂದು ಆಯತಾಕಾರದ ಸರಳು ಕೀಳೆಂದು ತೀರ್ಮಾನಿಸುವುದು ಸಲ್ಲದು. ಮೇಲಿನ 70.9 × 17.7 ಮಿ.ಮೀ. ಸರಳನ್ನು ಅದರ ಅಗಲ ಲಂಬವಾಗಿರುವಂತೆ ನಿಲ್ಲಿಸಿ ಮೇಲಿನಿಂದ ಭಾರ ಹೇರಿದರೆ, ಬಾಗುವಿಕೆಯನ್ನು ತಡೆಯುವಲ್ಲಿ ಅದು 40 ಮಿ.ಮೀ. ದುಂಡು ಸರಳಿಗಿಂತ ಸುಮಾರು 2.4 ಪಟ್ಟು ಬಲಶಾಲಿ. ಬಾಗುವಾಗ ದೂರದ ಅಂಚುಗಳೇ ಹೆಚ್ಚು ದುಡಿಯುತ್ತವೆ. ತಿರುಚುವಾಗ ಅದೇ ಸರಳಿನ ಮೂಲೆಗಳು ಸುಮ್ಮನಿದ್ದು, ಅಕ್ಷಕ್ಕೆ ಸಮೀಪದ ನಡುಮುಖ ಹೊರೆ ಹೊರುತ್ತದೆ, ಸರಳಿನ ಬಲ ದುಂಡು ಸರಳಿನ ಅರ್ಧಕ್ಕಿಳಿಯುತ್ತದೆ. ತೊಲೆಗೆ ಆಯತವನ್ನೂ ಶಾಫ್ಟಿಗೆ ದುಂಡನ್ನೂ ಆರಿಸುವುದು ಇದೇ ಕಾರಣಕ್ಕೆ. ಸಜ್ಜಾವನ್ನು ಹೊತ್ತ ತೊಲೆಯಂತೆ ಒಂದೇ ಸರಳು ಎರಡೂ ಕೆಲಸಗಳನ್ನು ಮಾಡಬೇಕಾದಾಗ, ಬಾಗುವಿಕೆಯ ಲೆಕ್ಕ ಸರಿಬಂದಿತೆಂದು ನಿಲ್ಲದೆ ತಿರುಚುವಿಕೆಯ ಲೆಕ್ಕವನ್ನು ಅದಕ್ಕೆ ತಕ್ಕ ಸೂತ್ರದಿಂದಲೇ ಪ್ರತ್ಯೇಕವಾಗಿ ಮಾಡಬೇಕಾಗುತ್ತದೆ.